ಒಂದೇ ಪದದ ಮೆಸೇಜಿಗೆ ಏನಂತ ಉತ್ತರ ಕೊಡುತ್ತೀರಿ?

ಕೇಳಿದವರು: ಸೇವಾ ಕೇಂದ್ರದ ಹುಡುಗಿ, ಸದಾಶಿವಗಡ

ನಾನು ಸೇವಾ ಕೇಂದ್ರವೊಂದರಲ್ಲಿ ಕೆಲಸ ಮಾಡುತ್ತೇನೆ. ಅರ್ಜಿ ಹಾಕುವುದು, ಪಹಣಿ, ಹೆಬ್ಬೆಟ್ಟು ಒತ್ತಿ ಹಣ ತೆಗೆಯುವುದು ಎಲ್ಲ ಇದೆ. ಕೇಂದ್ರದ ವಾಟ್ಸಾಪ್ ನೋಡಿಕೊಳ್ಳುವುದೂ ನಾನೇ. ಜನ ಬರೀ "ಬ್ಯಾಂಕ್" ಅಂತ ಕಳಿಸುತ್ತಾರೆ, ಇಲ್ಲಾ "ಚಾರ್ಜ್" ಅಂತ. ಮುಂದೆ ಹಿಂದೆ ಏನೂ ಇಲ್ಲ. "ಏನು ಬೇಕು, ಸರಿಯಾಗಿ ಬರೀರಿ" ಅಂದರೆ ಬೇಜಾರು ಮಾಡಿಕೊಂಡು ಸುಮ್ಮನಾಗುತ್ತಾರೆ. ನೋಯಿಸದೆ ಕೇಳುವುದು ಹೇಗೆ? ಇಂಥ ಕೆಲಸ ಮಾಡಿದವರು ಹೇಳಿ.

ಸಹಕಾರಿ ಸಂಘದ ಕೌಂಟರಿನವಳು, ಶಿರಸಿ

ತಂಗಿ, ಮೊದಲು ಚಾಟ್ ಮೇಲಕ್ಕೆ ಎಳೆದು ನೋಡು. ಆ ನಂಬರಿಗೆ ಕೊನೆಗೆ ಮಾಡಿಕೊಟ್ಟ ಕೆಲಸ ಯಾವುದು? ಅವರು ಕಳಿಸಿದ ಕೊನೆಯ ಫೋಟೋ ಯಾವುದು? ಅವರ ಮಟ್ಟಿಗೆ ಆ ಮಾತು ಇನ್ನೂ ಮುಗಿದೇ ಇಲ್ಲ, ಅದಕ್ಕೇ ಒಂದೇ ಪದ ಸಾಕು ಅನ್ನಿಸಿರುತ್ತದೆ. ನಮಗೆ ಮಾತ್ರ ಅದು ಹೊಸ ಮೆಸೇಜು.

ನಮ್ಮಲ್ಲಿ ಅಡಿಕೆ ಬೆಳೆಗಾರರು "ರೇಟ್" ಅಂತ ಕಳಿಸುತ್ತಾರೆ. ಚಾಲಿಯೋ, ರಾಶಿಯೋ, ಕೆಂಪುಗೋಟೋ, ಕಾಳುಮೆಣಸೋ, ಏನೂ ಇರುವುದಿಲ್ಲ. ಹೋದ ಸಲ ಅವರು ರಾಶಿ ತಂದಿದ್ದರೆ ನಾನು ಕೇಳಲಿಕ್ಕೇ ಹೋಗುವುದಿಲ್ಲ. ಇವತ್ತಿನ ರಾಶಿ ದರ ಬರೆದು, ಕೆಳಗೆ "ಚಾಲಿದು ಬೇಕಿದ್ರೆ ಹೇಳಿ, ಕಳಿಸ್ತೆ" ಅಂತ ಒಂದು ಸಾಲು ಹಾಕುತ್ತೇನೆ. ಊಹೆ ತಪ್ಪಾದರೂ ಯಾರಿಗೂ ನಷ್ಟವಿಲ್ಲ. ಆದರೆ ನಿನ್ನ "ಬ್ಯಾಂಕ್" ಹಾಗಲ್ಲ. ಅಲ್ಲಿ ಹಣ ಇದೆ, ಆಧಾರ್ ಇದೆ. ಅಲ್ಲಿ ಕೇಳಿಯೇ ಮುಂದೆ ಹೋಗಬೇಕು.

ಕೇಳುವಾಗ "ಯಾವ ಬ್ಯಾಂಕ್?" ಅಂತ ಮಾತ್ರ ಕೇಳಬೇಡ. ಎಲ್ಲರಿಗೂ ಮೊದಲು ಬಾಯಿಗೆ ಬರುವುದೇ ಅದು. ಅವರು ತಮ್ಮ ಬ್ಯಾಂಕಿನ ಹೆಸರು ಕಳಿಸುತ್ತಾರೆ, ನೀನು ಇದ್ದಲ್ಲೇ ಇರುತ್ತೀಯ. ನಿನಗೆ ಬೇಕಾಗಿರುವುದು ಬ್ಯಾಂಕಿನ ಹೆಸರಲ್ಲ, ಅಲ್ಲಿ ಆಗಬೇಕಾದ ಕೆಲಸ.

ಪಕ್ಕದೂರಿನ ಹೆಂಗಸೊಬ್ಬರು ನನಗೆ ಪರಿಚಯ. ಹಿಂದಿನ ವಾರ ರೇಷನ್ ಕಾರ್ಡ್ ಫೋಟೋ ಕಳಿಸಿದ್ದರು. ಆಮೇಲೆ ಒಂದು ದಿನ "ಬ್ಯಾಂಕ್" ಅಂತ ಬಂತು. ರೇಷನ್ ಕಾರ್ಡಿನ ಹಿಂದೆ ಬ್ಯಾಂಕ್ ಬಂದರೆ ಬಹಳ ಸಲ ಅದು ಗೃಹಲಕ್ಷ್ಮಿ. ಹಾಗಾಗಿ "ಅಕ್ಕಾ, ಗೃಹಲಕ್ಷ್ಮಿ ದುಡ್ಡಿನ ವಿಷಯನಾ?" ಅಂತ ಬರೆದೆ. "ಹೌದು" ಅಂತ ಬಂತು. ಇಷ್ಟಕ್ಕೇ ಮುಗಿಯಲಿಲ್ಲ. ದುಡ್ಡು ಬಂದೇ ಇಲ್ಲ ಅನ್ನುವುದು ಒಂದು, ಬಂದಿದೆ ಆದರೆ ಅವರು ನೋಡುವ ಪಾಸ್‌ಬುಕ್ಕಿನಲ್ಲಿ ಇಲ್ಲ ಅನ್ನುವುದು ಇನ್ನೊಂದು. ಎರಡನ್ನೂ ಒಟ್ಟಿಗೆ ಕೇಳಲಿಲ್ಲ. "ಈಚೆಗೆ ಬೇರೆ ಕಡೆ ಹೊಸ ಖಾತೆ ತೆಗೆದಿದ್ರಾ?" ಅಂತ ಮಾತ್ರ ಕೇಳಿದೆ. ತೆಗೆದಿದ್ದರು, ಆಧಾರ್ ಕೊಟ್ಟು.

ಅಲ್ಲೇ ಗಂಟು ಇದ್ದದ್ದು. ಆಧಾರ್ ನಂಬರನ್ನು ನಾಲ್ಕು ಬ್ಯಾಂಕಿಗೆ ಕೊಟ್ಟಿರಬಹುದು. ಆದರೆ ಆಧಾರ್ ಮೇಲೆ ಹಾಕುವ ಸರ್ಕಾರಿ ದುಡ್ಡು ಬೀಳುವುದು ಒಂದೇ ಖಾತೆಗೆ, ಕೊನೆಗೆ ಎಲ್ಲಿ ಜೋಡಣೆ ಆಯಿತೋ ಅಲ್ಲಿಗೆ. ಹೊಸ ಖಾತೆಯ ಫಾರಂ ತುಂಬುವಾಗ ಅದಕ್ಕೂ ಒಪ್ಪಿಗೆ ಕೊಟ್ಟು ಸಹಿ ಹಾಕಿದ್ದು ಅವರಿಗೆ ನೆನಪೇ ಇರಲಿಲ್ಲ. ಹಳೆ ಪಾಸ್‌ಬುಕ್ ಎಷ್ಟು ಸಲ ಎಂಟ್ರಿ ಮಾಡಿಸಿದರೂ ಏನೂ ಕಾಣಲಿಲ್ಲ. myAadhaar ಸೈಟಿನಲ್ಲಿ "Bank Seeding Status" ಅಂತ ಇದೆಯಲ್ಲ, ಅಲ್ಲಿ ಯಾವ ಬ್ಯಾಂಕಿಗೆ ಜೋಡಣೆ ಇದೆ ಅಂತ ಬರುತ್ತದೆ. ಒಟಿಪಿ ಅವರ ಮೊಬೈಲಿಗೇ ಹೋಗುತ್ತದೆ. ಅದನ್ನು ವಾಟ್ಸಾಪಿನಲ್ಲಿ ಕೇಳಬೇಡ. "ಮೊಬೈಲ್ ಹಿಡ್ಕೊಂಡು ಬನ್ನಿ, ಒಟ್ಟಿಗೆ ನೋಡುವಾ" ಅಂತ ಕರೆದರೆ ಆಯಿತು.

ಎಲೆಕ್ಟ್ರಿಕಲ್ ಮತ್ತು ಮೊಬೈಲ್ ಅಂಗಡಿಯವ, ಕಾರವಾರ

ಇಷ್ಟೆಲ್ಲ ಪತ್ತೇದಾರಿ ಯಾಕೆ ಮಾರಾಯ್ರೆ? ನನಗೆ ದಿನಾ "ಚಾರ್ಜ್" ಬರುತ್ತದೆ. ವಾಟ್ಸಾಪ್ ಬಿಸಿನೆಸ್ಸಿನಲ್ಲಿ ಸಿದ್ಧ ಉತ್ತರ ಉಳಿಸಿಟ್ಟಿದ್ದೇನೆ. / ಒತ್ತಿದರೆ ಬರುತ್ತದೆ, ಕಳಿಸಿದರೆ ಮುಗೀತು:

"1. ಫೋನ್ ಚಾರ್ಜ್ ಆಗ್ತಿಲ್ಲ. 2. ಹೊಸ ಚಾರ್ಜರ್ ಬೇಕು. 3. ರಿಪೇರಿ ಚಾರ್ಜ್ ಎಷ್ಟು. 4. ರೀಚಾರ್ಜ್. ನಂಬರ್ ಕಳಿಸಿ."

ಯಾರಿಗೂ ಬೇಜಾರಿಲ್ಲ, ಎಲ್ಲರಿಗೂ ಒಂದೇ ಮಾತು. ಮಳೆಗಾಲದಲ್ಲಿ ಮಾತ್ರ ಸ್ವಲ್ಪ ಬದಲಾಯಿಸುತ್ತೇನೆ. ಜೂನ್, ಜುಲೈನಲ್ಲಿ ಗಾಳಿಗೆ ಮರ ಬಿದ್ದು ಕರೆಂಟ್ ಹೋಯಿತು ಅಂದರೆ "ಚಾರ್ಜ್" ಅಂದವರಿಗೆ ಇನ್ವರ್ಟರ್ ಬ್ಯಾಟರಿ ಚಿಂತೆ, "ಬ್ಯಾಂಕ್" ಅಂದವರಿಗೆ ಪವರ್ ಬ್ಯಾಂಕ್ ಬೇಕು. ಆಗ ನೇರ ರೇಟ್ ಹೇಳಿಬಿಡುತ್ತೇನೆ.

ನಿವೃತ್ತ ಶಿಕ್ಷಕ, ಕುಮಟಾ

ಬ್ಯಾಂಕ್ ಚಾರ್ಜ್ ವಿಷಯ ಎತ್ತಿದ್ದು ಒಳ್ಳೆಯದಾಯಿತು. ನನ್ನ ಖಾತೆಯಿಂದಲೂ ಎಸ್ಸೆಮ್ಮೆಸ್ ಚಾರ್ಜ್ ಅಂತ ಮೂರು ತಿಂಗಳಿಗೊಮ್ಮೆ ಕಡಿಯುತ್ತಾರೆ. ಮಿನಿಮಮ್ ಬ್ಯಾಲೆನ್ಸ್ ಇಲ್ಲ ಅಂತಲೂ ಒಮ್ಮೆ ಕಡಿದರು. ಹೋಗಿ ಕೇಳಿದರೆ ಕೌಂಟರಿನಲ್ಲಿ ಒಬ್ಬರು ಇನ್ನೊಬ್ಬರನ್ನು ತೋರಿಸಿದರು. ಜನಧನ ಖಾತೆಗೆ ಮಿನಿಮಮ್ ಬ್ಯಾಲೆನ್ಸ್ ಇಡಬೇಕಾಗಿಲ್ಲ. ನಿಮ್ಮ ಕೇಂದ್ರಕ್ಕೆ ಬರುವ ಬಡವರಿಗೆ ಇದನ್ನು ತಪ್ಪದೆ ಹೇಳಮ್ಮ.

ಕೇಳಿದವರು

ಸರ್, ಹೇಳುತ್ತೇನೆ. ಆದರೆ ನಾನು ಕೇಳಿದ್ದು ಬ್ಯಾಂಕಿನವರು ಕಡಿಯುವ ಚಾರ್ಜಿನ ಬಗ್ಗೆ ಅಲ್ಲ. ಜನ ಆ ಪದ ಒಂದನ್ನೇ ಕಳಿಸಿದರೆ ಏನು ಮಾಡುವುದು ಅಂತ.

ಅಂಗಡಿಯವ, ಕಾರವಾರ

ಸರ್‌ಗೂ ನನ್ನ ಪಟ್ಟಿ ಕಳಿಸಬೇಕಿತ್ತು ನೋಡಿ 😄

ಸಹಕಾರಿ ಸಂಘದ ಕೌಂಟರಿನವಳು, ಶಿರಸಿ

ಅಂಗಡಿಗೆ ಪಟ್ಟಿ ಸರಿ. ಯಾಕೆಂದರೆ ಪಟ್ಟಿಯಲ್ಲಿರುವ ನಾಲ್ಕೂ ನೀವು ಮಾರುವ ವಸ್ತು, ಮಾಡುವ ಕೆಲಸ. ನಾವೂ ನಂಬರ್ ಹಾಕಿ ನೋಡಿದೆವು. ಎರಡು ತೊಂದರೆ ಬಂತು. ಒಂದು, ಸಂಜೆ ಕಳಿಸಿದ ಪಟ್ಟಿಗೆ ನಾಲ್ಕು ದಿನ ಬಿಟ್ಟು "2" ಅಂತ ಬರುತ್ತದೆ. ಅಷ್ಟರಲ್ಲಿ ಮಧ್ಯೆ ಬೇರೆ ಮಾತಾಗಿ, ಬೇರೆ ಪಟ್ಟಿ ಹೋಗಿರುತ್ತದೆ. ಈ 2 ಯಾವ 2? ಒಂದೇ ಪದವಾದರೂ ಇತ್ತು, ಈಗ ಅದೂ ಇಲ್ಲ.

ಇನ್ನೊಂದು ಇದಕ್ಕಿಂತ ಜಾಸ್ತಿ ಆಗುವಂಥದ್ದು. "ಪಾಸ್‌ಬುಕ್ ಪ್ರತಿ ಬೇಕಾ, ಆಧಾರ್ ಲಿಂಕ್ ಮಾಡಿಸಬೇಕಾ?" ಅಂತ ಕೇಳಿದರೆ "ಹೌದು" ಅಂತ ಉತ್ತರ ಬರುತ್ತದೆ. ಇಲ್ಲಾ ಹೆಬ್ಬೆರಳಿನ ಚಿತ್ರ. ಅವರನ್ನು ಬೈದು ಉಪಯೋಗವಿಲ್ಲ, ಪ್ರಶ್ನೆಯೇ ಹಾಗಿದೆ. ಅದಕ್ಕೇ ನಾನು ಒಂದು ಸಲಕ್ಕೆ ಒಂದೇ ಊಹೆ ಮುಂದಿಡುವುದು. "ಹೌದು" ಅಂದರೂ ಅರ್ಥವಾಗಬೇಕು, "ಅಲ್ಲ" ಅಂದರೂ ಅರ್ಥವಾಗಬೇಕು. ಎರಡು ಹೇಳಲೇಬೇಕು ಅಂತಿದ್ದರೆ ನಂಬರ್ ಬೇಡ, ಪದ ಕೊಡು: "ಪಾಸ್‌ಬುಕ್ ಅಂತಲೋ ಲಿಂಕ್ ಅಂತಲೋ ಕಳಿಸಿ ಸಾಕು." ಆ ಪದ ಯಾವಾಗ ಬಂದರೂ ತನ್ನ ಅರ್ಥ ತಾನೇ ಹೇಳುತ್ತದೆ.

ಮತ್ತೆ "ಸರಿಯಾಗಿ ಬರೀರಿ" ಬದಲು "ನಂಗೆ ಗೊತ್ತಾಗ್ಲಿಲ್ಲ" ಅನ್ನು. ಅಷ್ಟೇ ಸಾಕು.

ಮೀನು ವ್ಯಾಪಾರದ ಮನೆಯವಳು, ಕಾರವಾರ

ನಮ್ಮ ಮನೆ ಮಾತು ಕೊಂಕಣಿ. ಆಯಿಗೆ ಕನ್ನಡ ಮಾತಾಡಲಿಕ್ಕೆ ಬರುತ್ತದೆ, ಮೊಬೈಲಿನಲ್ಲಿ ಬರೆಯಲಿಕ್ಕೆ ಕಷ್ಟ. ಎರಡು ಸಾಲು ಬರೆಯುವಷ್ಟರಲ್ಲಿ ಗಿರಾಕಿ ಬಂದಿರುತ್ತಾರೆ. "ಬ್ಯಾಂಕ್" ಅಂದರೆ ಎರಡೂ ಭಾಷೆಯಲ್ಲಿ ನಡೆಯುತ್ತದೆ, ಅದಕ್ಕೆ ಅದನ್ನೇ ಕಳಿಸುತ್ತಾಳೆ. ಇಂಥವರಿಗೆ ಇನ್ನೂ ಬರೀರಿ ಅಂದರೆ ಏನು ಬರೆದಾರು? "ವಾಯ್ಸ್ ಕಳಿಸಿ, ಕೊಂಕಣಿಯಲ್ಲಾದರೂ ಅಡ್ಡಿಲ್ಲ" ಅನ್ನಿ. ಸದಾಶಿವಗಡದಲ್ಲಿ ಕೇಂದ್ರ ಅಂದಮೇಲೆ ನಿಮಗೆ ಕೊಂಕಣಿ ಅರ್ಥವಾಗುತ್ತದೆ ಅಲ್ವಾ?

ಶಿರಸಿಯ ಅಕ್ಕ ಹೇಳಿದ್ದರಲ್ಲಿ ಒಂದು ಮಾತು ನಮ್ಮಲ್ಲಿ ನಡೆಯುವುದಿಲ್ಲ. ನಮ್ಮ ಮನೆಯಲ್ಲಿ ವಾಟ್ಸಾಪ್ ಇರುವುದು ಒಂದೇ ಫೋನಿನಲ್ಲಿ. ಹಿಂದಿನ ಮೆಸೇಜ್ ತಮ್ಮನ ಸ್ಕಾಲರ್‌ಶಿಪ್ಪಿನದು, ಇವತ್ತಿನದು ಆಯಿಯ ಪೆನ್ಶನ್ನಿನದು. ಮೇಲಕ್ಕೆ ಎಳೆದು ನೋಡಿದರೆ ಊಹೆ ದಾರಿ ತಪ್ಪುತ್ತದೆ.

ಸಹಕಾರಿ ಸಂಘದ ಕೌಂಟರಿನವಳು, ಶಿರಸಿ

ಒಪ್ಪಿದೆ. ಹಾಗಿದ್ದರೆ ಊಹೆಯಲ್ಲೇ ಯಾರ ಕೆಲಸ ಅಂತ ಸೇರಿಸಬೇಕು. "ತಮ್ಮನ ಸ್ಕಾಲರ್‌ಶಿಪ್ ಖಾತೆ ವಿಷಯನಾ?" ಅಂತ. ಅಲ್ಲ ಅಂದರೆ "ಅಲ್ಲ, ಆಯಿದು" ಅಂತ ತಾವೇ ತಿದ್ದುತ್ತಾರೆ. ಖಾಲಿ ಪ್ರಶ್ನೆಗೆ ಉತ್ತರ ಬರೆಯದವರೂ ತಪ್ಪು ಕಂಡರೆ ತಿದ್ದದೆ ಬಿಡುವುದಿಲ್ಲ.

ರಕ್ತದಾನಿಗಳ ಗುಂಪಿನವ, ಹೊನ್ನಾವರ

ನಮಗೂ "ಬ್ಯಾಂಕ್" ಬರುತ್ತದೆ, ಅದು ಬ್ಲಡ್ ಬ್ಯಾಂಕ್. ರಾತ್ರಿ ಬಂದರೆ ನಾನು ಮೆಸೇಜು ಗಿಸೇಜು ಮಾಡುವುದಿಲ್ಲ, ಸೀದಾ ಫೋನ್ ಮಾಡುತ್ತೇನೆ. ಯಾವ ಗುಂಪು, ಎಷ್ಟು ಬಾಟಲಿ, ಯಾವ ಆಸ್ಪತ್ರೆ ಅಂತ ಮೂರು ಮಾತು ಕೇಳಿದರೆ ಆಯಿತು. ನೀವೂ ಫೋನ್ ಮಾಡಿಬಿಡಿ, ನಯ ವಿನಯ ಎಲ್ಲ ಧ್ವನಿಯಲ್ಲೇ ಬರುತ್ತದೆ.

ಸಹಕಾರಿ ಸಂಘದ ಕೌಂಟರಿನವಳು, ಶಿರಸಿ

ನಿಮ್ಮಲ್ಲಿ ಸರಿ, ಅಲ್ಲಿ ಜೀವದ ಪ್ರಶ್ನೆ. ಇಲ್ಲಿ ಫೋನ್ ಎತ್ತುವವರು ಯಾರೋ ಏನೋ. ಹೆಂಡತಿ ಗುಟ್ಟಾಗಿ ಕೂಡಿಟ್ಟ ಖಾತೆ ಬಗ್ಗೆ ಕೇಳಿದ್ದರೆ, ಗಂಡ ಫೋನ್ ಎತ್ತಿದರೆ? ನಾನಂತೂ ಮೊದಲು ಫೋನ್ ಮಾಡುವುದಿಲ್ಲ.

ಮೀನು ವ್ಯಾಪಾರದ ಮನೆಯವಳು, ಕಾರವಾರ

ನನಗೆ ಫೋನೇ ಸುಲಭ ಅನ್ನಿಸುತ್ತದೆ. ಆಯಿಗಂತೂ ಖಂಡಿತ.

ಕೇಳಿದವರು

ಎಲ್ಲರಿಗೂ ಥ್ಯಾಂಕ್ಸ್. ಇವತ್ತು ಒಬ್ಬರಿಗೆ "ನಂಗೆ ಗೊತ್ತಾಗ್ಲಿಲ್ಲ, ಪೆನ್ಶನ್ ದುಡ್ಡು ತೆಗೀಲಿಕ್ಕಾ?" ಅಂತ ಕೇಳಿದೆ. "ಅಲ್ಲ, ಬ್ಯಾಂಕ್ ಇವತ್ತು ಓಪನ್ ಇದ್ಯಾ" ಅಂತ ಬಂತು! ನಾಲ್ಕನೇ ಶನಿವಾರ, ರಜೆ ಅಂತ ಹೇಳಿದೆ. ಅದು ನನ್ನ ತಲೆಗೇ ಹೋಗಿರಲಿಲ್ಲ. ಆದರೆ "ಚಾರ್ಜ್" ಇನ್ನೂ ಬಗೆಹರಿದಿಲ್ಲ. ಶುಲ್ಕದ ಪಟ್ಟಿ ಫೋಟೋ ಕಳಿಸಿದರೆ ಸಾಕಾ?

ಸಹಕಾರಿ ಸಂಘದ ಕೌಂಟರಿನವಳು, ಶಿರಸಿ

ಯಾವಾಗ ಬಂತು ಅಂತ ನೋಡು. ಕೆಲಸಕ್ಕೆ ಮೊದಲು ಬಂದರೆ ಎಷ್ಟಾಗುತ್ತದೆ ಅಂತ ಕೇಳಿದ್ದು, ಪಟ್ಟಿ ಕಳಿಸು. ಕೆಲಸ ಮುಗಿಸಿ ಮನೆಗೆ ಹೋದ ಮೇಲೆ ಬಂದರೆ ಅದು ಬಹಳ ಸಲ ದೂರು. ಇಷ್ಟು ಯಾಕೆ ತಗೊಂಡ್ರಿ ಅಂತ. ಅದಕ್ಕೆ ಪಟ್ಟಿ ಕಳಿಸಿದರೆ ಬಾಯಿ ಮುಚ್ಚಿಸಿದ ಹಾಗೆ ಕಾಣುತ್ತದೆ. "ನಿನ್ನೆ ಪಹಣಿಗೆ ತಗೊಂಡ ದುಡ್ಡಿನ ಬಗ್ಗೆ ಕೇಳಿದ್ರಾ?" ಅಂತ ನೀನೇ ಎತ್ತು. ಹೌದು ಅಂದರೆ ರಶೀದಿ ತೆಗೆದು ಯಾವುದಕ್ಕೆ ಎಷ್ಟು ಅಂತ ಬಿಡಿಸಿ ಬರಿ. ಸರ್ಕಾರಿ ಶುಲ್ಕ ಬೇರೆ, ಪ್ರಿಂಟಿಂದು ಬೇರೆ.

ಅಂಗಡಿಯವ, ಕಾರವಾರ

ಹೊಸ ನಂಬರಿಂದ, ಹಿಂದೆ ಏನೂ ಮಾತಿಲ್ಲದೆ ಬಂದರೆ?

ಸಹಕಾರಿ ಸಂಘದ ಕೌಂಟರಿನವಳು, ಶಿರಸಿ

ಆಗ ನಿಮ್ಮ ಪಟ್ಟಿಯೇ ಗತಿ. ನಂಬರ್ ಮಾತ್ರ ತೆಗೆದು ಕಳಿಸಿ.