ರೌಂಡ್ ರಾಬಿನ್‌ನಲ್ಲಿ ಉತ್ತರ 4 ಬರಬೇಕಾ, 3.33 ಬರಬೇಕಾ?

ಕಾವ್ಯಾ: ಮೇಡಂ, ಸಿಪಿಯು ಷೆಡ್ಯೂಲಿಂಗ್ ಲೆಕ್ಕ. ರೌಂಡ್ ರಾಬಿನ್, ಕ್ವಾಂಟಂ 2. P1 ಬರೋದು 0ಗೆ, ಬರ್ಸ್ಟ್ 5. P2 1ಕ್ಕೆ, ಬರ್ಸ್ಟ್ 3. P3 2ಕ್ಕೆ, ಬರ್ಸ್ಟ್ 1. ಸರಾಸರಿ ವೇಯ್ಟಿಂಗ್ ಟೈಮ್ ನನಗೆ 4 ಬಂತು. ಕೀ ಉತ್ತರದಲ್ಲಿ 3.33 ಇದೆ. ಮೂರು ಸಲ ಮಾಡಿದೆ, ತಪ್ಪು ಸಿಗ್ತಿಲ್ಲ.

ಶೈಲಜಾ ಮೇಡಂ: ಕೂಡಿ ಕಳೆದದ್ದರಲ್ಲಿ ತಪ್ಪಿಲ್ಲ ಕಾವ್ಯಾ. ಸಮಯ 2ರಲ್ಲಿ ಏನಾಯಿತು ನೋಡಿ. P1ನ ಕ್ವಾಂಟಂ ಮುಗಿಯುವುದೂ P3 ಬರುವುದೂ ಒಂದೇ ಕ್ಷಣದಲ್ಲಿ. P2 ಆಗಲೇ ಕ್ಯೂನಲ್ಲಿ ನಿಂತಿದೆ. ಅದರ ಹಿಂದೆ ಮೊದಲು ಯಾರು ನಿಲ್ಲಬೇಕು? ನೀವು P1 ನಿಲ್ಲಿಸಿದ್ದೀರಿ. ಕೀ ಬರೆದವರು P3 ನಿಲ್ಲಿಸಿದ್ದಾರೆ.

```
ಕೀ:    | P1 | P2 | P3 | P1 | P2 | P1 |
       0    2    4    5    7    8    9

ನಿಮ್ಮದು: | P1 | P2 | P1 | P3 | P2 | P1 |
       0    2    4    6    7    8    9
```

P1, P2 ಎರಡರಲ್ಲೂ 9ಕ್ಕೆ, 8ಕ್ಕೆ ಮುಗಿಯುತ್ತವೆ. ಕಾಯುವಿಕೆ ತಲಾ 4. ಬದಲಾಗುವುದು P3 ಒಂದೇ. ಕೀಯಲ್ಲಿ ಅದು ಕಾದದ್ದು 2, ನಿಮ್ಮಲ್ಲಿ 4. ಹಾಗಾಗಿ 10/3 ಮತ್ತು 12/3.

ಸಾಮಾನ್ಯವಾಗಿ ಹೊಸದಾಗಿ ಬಂದದ್ದನ್ನು ಮೊದಲು ನಿಲ್ಲಿಸುತ್ತಾರೆ, ಆಮೇಲೆ ಸಿಪಿಯುನಿಂದ ಇಳಿದದ್ದನ್ನು. ಆದರೆ ಇದು ರೂಢಿ ಅಷ್ಟೆ. ಪ್ರಶ್ನೆಯಲ್ಲಿ ಹೇಳಿಲ್ಲದಿದ್ದರೆ ಚಾರ್ಟ್‌ನ ಮೇಲೆ ಒಂದು ಸಾಲು ಬರೆಯಿರಿ: "ಒಂದೇ ಸಮಯವಾದರೆ ಹೊಸ ಪ್ರೋಸೆಸ್ ಮೊದಲು". ಪಕ್ಕದಲ್ಲಿ ಪ್ರತಿ ಹೆಜ್ಜೆಯ ಕ್ಯೂ ಬರೆಯಿರಿ. ಯಾವ ಕ್ರಮ ಹಿಡಿದಿರಿ ಅಂತ ಹೇಳದೆ 4 ಅಂತ ಬರೆದರೆ ಮೌಲ್ಯಮಾಪಕರಿಗೆ ಅದು ತಪ್ಪಾಗಿಯೇ ಕಾಣುತ್ತದೆ.

ಮಂಜು: ಇಷ್ಟೆಲ್ಲಾ ಯಾಕೆ? ವೇಯ್ಟಿಂಗ್ ಅಂದ್ರೆ ಶುರುವಾದದ್ದರಲ್ಲಿ ಬಂದದ್ದು ಕಳೆದರೆ ಸಾಕು. P1ಗೆ 0.

ಶೈಲಜಾ ಮೇಡಂ: ಎಫ್‌ಸಿಎಫ್‌ಎಸ್‌ಗೆ ಸರಿ, ಅಲ್ಲಿ ಒಮ್ಮೆ ಹತ್ತಿದವರು ಇಳಿಯುವುದಿಲ್ಲ. ಇಲ್ಲಿ ನಿಮಗೆ ಸಿಕ್ಕಿದ್ದು ರೆಸ್ಪಾನ್ಸ್ ಟೈಮ್. P1 ನಡುವೆ ಎರಡು ಸಲ ಇಳಿದು ಕಾಯುತ್ತದೆ. 9ರಲ್ಲಿ 0 ಕಳೆಯಿರಿ, ಬರ್ಸ್ಟ್ 5 ಕಳೆಯಿರಿ. 4.

ರಫೀಕ್: ಫಾರ್ವರ್ಡ್ ಬಂದಿದೆ: "ಆರ್‌ಆರ್‌ನಲ್ಲಿ ಕ್ಯೂ ಬರೆಯೋದು ಬೇಡ. P1 P2 P3 ಅಂತ ಸುತ್ತು ಹಾಕ್ತಾ ಹೋಗಿ, ಎರಡು ನಿಮಿಷದಲ್ಲಿ ಉತ್ತರ." ಕಾವ್ಯಾ ಅವರ ಲೆಕ್ಕಕ್ಕೂ ಕೀ ಉತ್ತರವೇ ಬಂತು!

ಶೈಲಜಾ ಮೇಡಂ: ಬಂದದ್ದು ಆಕಸ್ಮಿಕ. ದಯವಿಟ್ಟು ಇದನ್ನು ಮುಂದೆ ಕಳಿಸಬೇಡಿ. ಅದೇ ಲೆಕ್ಕದಲ್ಲಿ P3 ಬರುವುದನ್ನು 2ರ ಬದಲು 3 ಮಾಡಿ. ಸಮಯ 2ರಲ್ಲಿ P1 ಇಳಿದಾಗ P3 ಇನ್ನೂ ಬಂದೇ ಇಲ್ಲ. P1 ಹೋಗಿ P2 ಹಿಂದೆ ನಿಂತಿತು. 3ಕ್ಕೆ ಬಂದ P3 ಅದರ ಹಿಂದೆ.

```
| P1 | P2 | P1 | P3 | P2 | P1 |
0    2    4    6    7    8    9
```

ಕಾಯುವಿಕೆ 4, 4, 3. ಸರಾಸರಿ 3.67. ಸುತ್ತು ಹಾಕಿದವರು 4ಕ್ಕೆ P3 ಓಡಿಸಿ 3.00 ಬರೆಯುತ್ತಾರೆ. ಎಲ್ಲರೂ 0ಗೇ ಬಂದಿದ್ದರೆ ಮಾತ್ರ ಸುತ್ತಿನ ಕ್ರಮವನ್ನು ನಂಬಬಹುದು.

ವಿನಯ್: ನಾನು ಕೆಲಸದಲ್ಲಿ ಸರ್ವರ್ ನೋಡಿಕೊಳ್ಳೋನು. ಲಿನಕ್ಸ್‌ನಲ್ಲಿ ಸಾಮಾನ್ಯ ಪ್ರೋಸೆಸ್‌ಗಳಿಗೆ ಈ ಸರದಿಯೇ ಇಲ್ಲ. 2007ರಿಂದ ಸಿಎಫ್‌ಎಸ್ ಅನ್ನೋ ಷೆಡ್ಯೂಲರ್ ಇತ್ತು, 2023ರ 6.6 ಕರ್ನಲ್‌ನಿಂದ ಈಈವಿಡಿಎಫ್. ಇದನ್ನು ಉರು ಹೊಡೆದು ಏನು ಮಾಡ್ತೀರಿ?

ಮಂಜು: ನಾಳಿದ್ದು ಪರೀಕ್ಷೆ ಸಾರ್. ಅದು ಸಿಲಬಸ್‌ನಲ್ಲಿಲ್ಲ.

ವಿನಯ್: ಸಿಲಬಸ್ ಅಂತ ಕಣ್ಣು ಮುಚ್ಕೊಂಡಿರ್ತೀರಾ?

ಕಾವ್ಯಾ: `SCHED_RR` ಅಂತ ಲಿನಕ್ಸ್‌ನಲ್ಲೇ ಇದೆಯಲ್ವಾ?

ವಿನಯ್: ಇದೆ. ರಿಯಲ್ ಟೈಮ್ ಕೆಲಸಕ್ಕೆ. ನಾನು ಹೇಳಿದ್ದು ಸಾಮಾನ್ಯದ್ದು.

ಮಂಜು: ಹಾಗಾದ್ರೆ "ಇಲ್ಲವೇ ಇಲ್ಲ" ಅನ್ನೋ ಧಾಟಿ ಯಾಕೆ?

ಸುಮಾ: ಪ್ರಯಾರಿಟಿಯಲ್ಲಿ ಚಿಕ್ಕ ನಂಬರ್ ಮೇಲಾ, ದೊಡ್ಡದು ಮೇಲಾ?

ಶೈಲಜಾ ಮೇಡಂ: ಪ್ರಶ್ನೆಯಲ್ಲಿ ಇರುತ್ತದೆ. ಇಲ್ಲದಿದ್ದರೆ ನೀವು ಹಿಡಿದದ್ದನ್ನು ಬರೆಯಿರಿ.

ರಫೀಕ್: ಮೇಡಂ, ಚಿಕ್ಕ ನಂಬರೇ ಮೇಲು ಅಂತ ಇನ್ನೊಂದು ಫಾರ್ವರ್ಡ್...

ಶೈಲಜಾ ಮೇಡಂ: ಸುಮಾಗೆ ಈಗಷ್ಟೇ ಉತ್ತರಿಸಿದೆ. ಇಲ್ಲಿ ಇನ್ನು ಫಾರ್ವರ್ಡ್ ಹಾಕಬೇಡಿ.

ಪ್ರಕಾಶ್: ಕ್ವಾಂಟಂ ಚಿಕ್ಕದಾದಷ್ಟೂ ವೇಯ್ಟಿಂಗ್ ಕಡಿಮೆ ಅಲ್ವಾ?

ಶೈಲಜಾ ಮೇಡಂ: ಇಲ್ಲ. ಎರಡು ಪ್ರೋಸೆಸ್, ಎರಡೂ 0ಗೆ ಬಂದಿವೆ, ಬರ್ಸ್ಟ್ ತಲಾ 4. ಕ್ವಾಂಟಂ 4 ಇಟ್ಟರೆ ಕಾಯುವಿಕೆ 0 ಮತ್ತು 4. ಕ್ವಾಂಟಂ 1 ಇಟ್ಟರೆ 3 ಮತ್ತು 4. ಮಾಡಿ ನೋಡಿ.

ಸುಮಾ: ಮೇಡಂ, ಪ್ರಯಾರಿಟಿ ನಂಬರ್ ಪ್ರಶ್ನೆಯಲ್ಲಿ ಕೊಡದೇ ಇದ್ರೆ?

ಶೈಲಜಾ ಮೇಡಂ: ಮೇಲೆ ಓದಿ.

ಕಾವ್ಯಾ: ಮೇಡಂ, ಕೊನೇದು. ಕಾಂಟೆಕ್ಸ್ಟ್ ಸ್ವಿಚ್‌ಗೆ 1 ಯೂನಿಟ್ ಅಂತ ಕೊಟ್ಟು, ಆ ಸ್ವಿಚ್ ನಡೆಯುವಾಗಲೇ ಹೊಸದು ಬಂದರೆ ಕ್ಯೂನಲ್ಲಿ ಯಾರು ಮುಂದೆ?

ವಿನಯ್: ಮಂಜು, ನನ್ನ ಧಾಟಿ ಬಿಡಿ, ನಿಮ್ಮ "P1ಗೆ 0" ಏನಾಯ್ತು?

ಮಂಜು: ತಿದ್ದಿಕೊಂಡೆ. ನೀವೂ ತಿದ್ದಿಕೊಳ್ಳಿ.