ಲಾರಿ ಸಾಲದ ಅವಾರ್ಡ್: ಇ.ಪಿ. ದಾವಣಗೆರೆಯಲ್ಲಿ, ರದ್ದತಿ ಅರ್ಜಿ ಎಲ್ಲಿ?

ಕೇಳಿದವರು, ದಾವಣಗೆರೆ: ತಮ್ಮನ ಲಾರಿ ಸಾಲಕ್ಕೆ ಫೈನಾನ್ಸ್‌ನವರೇ ಆರ್ಬಿಟ್ರೇಟರ್, ಅಂದರೆ ಮಧ್ಯಸ್ಥಗಾರನನ್ನು ನೇಮಿಸಿ ಚೆನ್ನೈನಲ್ಲಿ ಏಕಪಕ್ಷೀಯ ಅವಾರ್ಡ್, ಅಂದರೆ ತೀರ್ಪು ಮಾಡಿಸಿದ್ದಾರೆ. ಈಗ ಇಲ್ಲಿನ ಕೋರ್ಟಿಂದ ಅದನ್ನು ಜಾರಿ ಮಾಡಿಸುವ ಅರ್ಜಿಯ, ಅಂದರೆ ಇ.ಪಿ.ಯ ನೋಟಿಸ್ ಬಂದಿದೆ, ಜೊತೆಗೆ ಅವಾರ್ಡಿನ ಜೆರಾಕ್ಸ್. ಬಡ್ಡಿ ವಿಪರೀತ. ರದ್ದು ಮಾಡಿಸಬಹುದಾ?

ಲಾರಿ ಮಾಲೀಕ, ಹರಿಹರ: ಇಲ್ಲೇ ಜಿಲ್ಲಾ ಕೋರ್ಟಲ್ಲಿ ಆರ್ಬಿಟ್ರೇಷನ್ ಕಾಯ್ದೆ ಸೆಕ್ಷನ್ 34ರ ರದ್ದತಿ ಅರ್ಜಿ ಹಾಕಿಸಿ ಅಣ್ಣ. ಬಡ್ಡಿ ಸಾರ್ವಜನಿಕ ನೀತಿಗೆ ವಿರುದ್ಧ ಅನ್ನಿ. ಅರ್ಜಿ ಬಿದ್ದ ಕೂಡಲೇ ಜಪ್ತಿ ನಿಲ್ಲುತ್ತೆ.

ವಕೀಲ, ಚಿತ್ರದುರ್ಗ: ಸೆಕ್ಷನ್ 34 ಸರಿ, ಉಳಿದದ್ದು ಅಲ್ಲ. ಆಸ್ತಿ ಇರುವಲ್ಲಿ ನೇರವಾಗಿ ಇ.ಪಿ. ಹಾಕಬಹುದು ಅಂತ 2018ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಆದರೆ ಸಾಲದ ಕರಾರಿನಲ್ಲಿ ಸೀಟ್, ಅಂದರೆ ಆರ್ಬಿಟ್ರೇಷನ್ನಿನ ಕಾನೂನು ನೆಲೆ, ಚೆನ್ನೈ ಅಂತಿದ್ದರೆ ರದ್ದತಿ ಅರ್ಜಿ ಚೆನ್ನೈನಲ್ಲೇ. ಇಲ್ಲಿ ತಕರಾರು ಬರೆಸುತ್ತಾ ಕೂತು ಅಲ್ಲಿನ ವಾಯಿದೆ ಕಳೆದುಕೊಳ್ಳುವವರೇ ಹೆಚ್ಚು.

2015ರ ತಿದ್ದುಪಡಿಯ ನಂತರ ತಡೆ ತಾನಾಗಿ ಸಿಗಲ್ಲ. ಸೆಕ್ಷನ್ 36ರಡಿ ಬೇರೆ ಅರ್ಜಿ ಬೇಕು, ಕೋರ್ಟ್ ಠೇವಣಿ ಕಟ್ಟಲು ಹೇಳಬಹುದು. ಬಡ್ಡಿಯನ್ನೇ ಮುಖ್ಯ ವಾದ ಮಾಡಬೇಡಿ. ಸಹಿ ಹಾಕಿ ಒಪ್ಪಿದ ದರವನ್ನು ಕೋರ್ಟ್ ಅಪೀಲಿನಂತೆ ಮತ್ತೆ ಲೆಕ್ಕ ಹಾಕಲ್ಲ.

ನಿಮಗೆ ಬಲ ಇರೋದು ನೇಮಕದಲ್ಲಿ. ಸಾಲ ಕೊಟ್ಟವರೇ ಏಕಪಕ್ಷೀಯವಾಗಿ ಒಬ್ಬ ಆರ್ಬಿಟ್ರೇಟರನ್ನು ನೇಮಿಸುವುದನ್ನು ಸುಪ್ರೀಂ ಕೋರ್ಟ್ 2019ರಿಂದ ಒಪ್ಪುತ್ತಿಲ್ಲ. ತಕರಾರು ಹುಟ್ಟಿದ ಮೇಲೆ ನಿಮ್ಮ ತಮ್ಮನೇ ಲಿಖಿತ ಒಪ್ಪಿಗೆ ಕೊಟ್ಟಿದ್ದರೆ ಮಾತ್ರ ಈ ವಾದ ಬೀಳುತ್ತೆ. ಸುಮ್ಮನಿದ್ದದ್ದು ಒಪ್ಪಿಗೆ ಅಲ್ಲ.

ಕೇಳಿದವರು: ನೋಟಿಸೂ ಬಂದಿಲ್ಲ ಸರ್. ಅವನು ಹಳೇ ಬಾಡಿಗೆ ಮನೆ ಬಿಟ್ಟಿದ್ದ.

ವಕೀಲ, ಚಿತ್ರದುರ್ಗ: ವಿಳಾಸ ಬದಲಾದದ್ದನ್ನು ಫೈನಾನ್ಸ್‌ಗೆ ಬರೆದು ತಿಳಿಸಿದ್ನಾ? ಇಲ್ಲದಿದ್ದರೆ ಗೊತ್ತಿರುವ ಕೊನೇ ವಿಳಾಸಕ್ಕೆ ಹೋದ ರಿಜಿಸ್ಟರ್ಡ್ ಅಂಚೆ ತಲುಪಿದಂತೆ ಎನ್ನುತ್ತಾರೆ. ಹೊಸ ವಿಳಾಸ ಅವರ ಕಡತದಲ್ಲಿದ್ದೂ ಹಳೆಯದಕ್ಕೇ ಕಳಿಸಿದ್ದರೆ ಅದು ಗಟ್ಟಿ ಆಧಾರ. 2019ರಿಂದ ಇದನ್ನೆಲ್ಲ ಆರ್ಬಿಟ್ರೇಟರ್ ಮುಂದಿನ ದಾಖಲೆಯಿಂದಲೇ ತೋರಿಸಬೇಕು. ಹಾಗಾಗಿ ನೇಮಕದ ಪತ್ರ, ವಾಪಸಾದ ಲಕೋಟೆ, ಅಂಚೆ ರಸೀದಿಗಳ ಪ್ರತಿ ಕೇಳಿ.

ವಾಯಿದೆ ಶುರುವಾಗೋದು ಸಹಿ ಇರುವ ಪ್ರತಿ ತಮ್ಮನಿಗೆ ತಲುಪಿದ ದಿನದಿಂದ, ಇ.ಪಿ. ಜೊತೆ ಬಂದ ಜೆರಾಕ್ಸಿನಿಂದಲ್ಲ. ಆದರೂ ಅದನ್ನೇ ನಂಬಿ ಕೂರಬೇಡಿ. ಸಹಿ ಪ್ರತಿಯೂ ಹಳೇ ವಿಳಾಸಕ್ಕೆ ಹೋಗಿ ‘ತಲುಪಿದೆ’ ಆಗಿರಬಹುದು. ಇವತ್ತೇ ಆರ್ಬಿಟ್ರೇಟರ್‌ಗೆ ರಿಜಿಸ್ಟರ್ಡ್ ಅಂಚೆಯಲ್ಲಿ ಸಹಿ ಪ್ರತಿ ಕೇಳಿ. ಜನವರಿ 10ಕ್ಕೆ ಸಿಕ್ಕರೆ ಏಪ್ರಿಲ್ 10ರೊಳಗೆ ಹಾಕಬೇಕು. ಸಕಾರಣ ತೋರಿಸಿದರೆ ಇನ್ನು 30 ದಿನ, ಅಂದರೆ ಮೇ 10. ಆಮೇಲೆ ಒಂದು ದಿನ ತಡವನ್ನೂ ಕೋರ್ಟ್ ಮನ್ನಿಸುವಂತಿಲ್ಲ.

ರೈತ, ಹಿರಿಯೂರು: ನಮ್ಮ ಜಮೀನು ಹೆದ್ದಾರಿಗೆ ಹೋಗಿದೆ, ಆರ್ಬಿಟ್ರೇಟರ್ ಆಗಿ ಡಿ.ಸಿ. ಕೊಟ್ಟ ಅವಾರ್ಡ್ ಕಮ್ಮಿ ಆಯ್ತು. 34ರಲ್ಲಿ ಹೆಚ್ಚಿಸ್ತಾರಾ?

ವಕೀಲ, ಚಿತ್ರದುರ್ಗ: ನಿಮ್ಮದು ಬೇರೆ ಪ್ರಶ್ನೆ ಯಜಮಾನರೇ. ಸುಪ್ರೀಂ ಕೋರ್ಟಿನ 2021ರ ತೀರ್ಪಿನಂತೆ ರದ್ದು ಮಾಡಬಹುದಿತ್ತು, ಮೊತ್ತ ಏರಿಸುವಂತಿರಲಿಲ್ಲ. 2025ರಲ್ಲಿ ಸಂವಿಧಾನ ಪೀಠ ಸೀಮಿತ ಮಾರ್ಪಾಟಿಗೆ ಅವಕಾಶ ಕೊಟ್ಟಿದೆ, ಆದರೆ ಬೆಲೆಯನ್ನು ಹೊಸದಾಗಿ ಕಟ್ಟುವಷ್ಟಲ್ಲ.

ಜೂನಿಯರ್ ವಕೀಲೆ, ದಾವಣಗೆರೆ: ನೇಮಕವೇ ಅಸಿಂಧು ಅಂತ ಇ.ಪಿ.ಯಲ್ಲೇ ವಾದಿಸಬಹುದಲ್ವಾ ಸರ್?

ವಕೀಲ, ಚಿತ್ರದುರ್ಗ: ಹೈಕೋರ್ಟುಗಳು ಒಂದೊಂದು ರೀತಿ ಹೇಳಿವೆ. ತಕರಾರು ಹಾಕಿಡಿ, ಚೆನ್ನೈ ಅರ್ಜಿ ಮಾತ್ರ ಬಿಡಬೇಡಿ.