ಪದಚರ್ಚೆ: ಪ್ರಾಸ ಇದ್ದರೂ ಘೋಷಣೆ ಬಾಯಿಗೆ ಕೂರುತ್ತಿಲ್ಲ, ಏಕೆ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನೀರು ಉಳಿಸುವ ಅಭಿಯಾನಕ್ಕೆ ಒಂದು ಸಾಲು ಬರೆದಿದ್ದೇವೆ: "ನೀರನ್ನು ಮಿತವಾಗಿ ಬಳಸೋಣ, ಮುಂದಿನವರಿಗಾಗಿ ಉಳಿಸೋಣ." ಕಾಗದದ ಮೇಲೆ ಪ್ರಾಸ ಇದೆ. ಜೋರಾಗಿ ಕೂಗಿದರೆ ಮಾತ್ರ ಎರಡನೇ ಅರ್ಧದಲ್ಲಿ ಎಲ್ಲರೂ ತಡವರಿಸುತ್ತಾರೆ. ಏನು ಬದಲಿಸಬೇಕು?

ಉತ್ತರ 1

ಆದಿಪ್ರಾಸ ಹಾಕಿ ನೋಡಿ. ಎಲ್ಲ ಪದವೂ ಒಂದೇ ಅಕ್ಷರದಿಂದ ಶುರುವಾಗಲಿ. "ನೀರು ನಮ್ಮ ನಾಳೆಯ ನಿಧಿ." ಸುಲಭವಾಗಿದೆ, ಅಲ್ವಾ?

ಉತ್ತರ 2

ಸಾಲು ಇಷ್ಟವಾಯಿತು, ಆದರೆ ಅದು ಆದಿಪ್ರಾಸ ಅಲ್ಲ. ಕನ್ನಡದಲ್ಲಿ ಆದಿಪ್ರಾಸ ಕೂರುವುದು ಎರಡನೇ ಅಕ್ಷರದಲ್ಲಿ. "ತಾಳಿದವನು ಬಾಳಿಯಾನು" ಗಾದೆಯಲ್ಲಿ ತಾ, ಬಾ ಬೇರೆ ಬೇರೆ. ಆಮೇಲಿನ ಳಿ ಒಂದೇ. ಕಿವಿ ಹಿಡಿಯುವುದು ಅದನ್ನೇ.

ಈಗ ಮೂಲ ಸಾಲಿಗೆ ಬರೋಣ. "ಓಣ" ಯಾವ ಕ್ರಿಯಾಪದಕ್ಕೆ ಬೇಕಾದರೂ ಅಂಟುತ್ತದೆ: ಹೋಗೋಣ, ಮಾಡೋಣ, ತಿನ್ನೋಣ. ಹಾಗೆ ಸುಮ್ನೆ ಸಿಗುವ ಪ್ರಾಸಕ್ಕೆ ಹೊಡೆತ ಕಡಿಮೆ. ನಿಮ್ಮ ಸಾಲಿನ ಗಟ್ಟಿ ಪ್ರಾಸ ಇರುವುದು ಬಳಸು, ಉಳಿಸು ಇವುಗಳ ಳಕಾರದಲ್ಲಿ.

ತಡವರಿಕೆಗೆ ಕಾರಣ ಮಾತ್ರೆ ಎಣಿಸಿದರೆ ಸಿಗುತ್ತದೆ. ನೀರನ್ನು, ಮಿತವಾಗಿ, ಬಳಸೋಣ: ಮೂರಕ್ಕೂ 5 ಮಾತ್ರೆ. ಬಾಯಿ ಆ ಲಯಕ್ಕೆ ಒಗ್ಗಿಕೊಂಡಾಗ "ಮುಂದಿನವರಿಗಾಗಿ" ಅಂತ 9 ಮಾತ್ರೆಯ ಪದ ಬರುತ್ತದೆ. ಅದರ ಬದಲು "ನಾಳೆಗೂ" ಹಾಕಿ, ಅದೂ 5. ಲಯ ತಾನಾಗಿ ಸರಿಹೋಗುತ್ತದೆ.

ಇನ್ನೂ ಚಿಕ್ಕದು ಬೇಕಾದರೆ, "ಅಳೆದು ಬಳಸಿ, ನೀರು ಉಳಿಸಿ." ಮಾತಿನಲ್ಲಿ ಬಳ್ಸಿ, ಉಳ್ಸಿ ಆದರೂ ಪ್ರಾಸ ಕೆಡುವುದಿಲ್ಲ, ಬಿಗಿಯಾಗುತ್ತದೆ. ಒಂದೇ ತೊಡಕು: ಬೇಗ ಹೇಳಿದರೆ "ನೀರುಳ್ಸಿ" ಆಗಿ, ಉಳಿಸಿ ಎಲ್ಲಿ ಶುರುವಾಯಿತು ಅಂತ ತಿಳಿಯುವುದಿಲ್ಲ. ಅದಕ್ಕೇ ತಿರುಗಿಸಿ: "ಅಳೆದು ಬಳಸಿ, ಉಳಿಸಿ ನೀರು." ಬಳಸಿ ಆದಮೇಲೆ ಉಸಿರು ನಿಲ್ಲುವುದರಿಂದ ಉಕಾರ ಸ್ಪಷ್ಟವಾಗಿ ಕೇಳುತ್ತದೆ. ನಾಲ್ಕೂ ಪದಕ್ಕೆ 3 ಮಾತ್ರೆ. ನನ್ನ ಮತ ಇದಕ್ಕೇ.

ಉತ್ತರ 3

ನಮ್ಮದು ರಸ್ತೆ ಸುರಕ್ಷತೆ. ಪ್ರಾಸಕ್ಕಿಂತ ಶ್ಲೇಷೆ ಜಾಸ್ತಿ ನಾಟುತ್ತದೆ ಅನ್ನಿಸಿ "ಗತಿ ಮೀರಿದರೆ ಇದೇ ಗತಿ" ಅಂತ ಬರೆದೆವು. ಓದಿದವರು ಮೆಚ್ಚಿದರು, ಕೇಳಿದವರು ಸುಮ್ಮನಿದ್ದರು. ನೀರಿನವರೂ ಶ್ಲೇಷೆ ಹಾಕಬಾರದೇ?

ಉತ್ತರ 2, ಮತ್ತೆ

ಗತಿ ಅಂದರೆ ವೇಗ ಅನ್ನುವುದು ಬರಹದಲ್ಲಿ ಉಂಟು. ಮಾತಿನಲ್ಲಿ ನಾವು ಸ್ಪೀಡು ಅನ್ನುತ್ತೇವೆ, ಇಲ್ಲವೇ ವೇಗ. ಕೇಳುವವರಿಗೆ ಎರಡು ಸಲವೂ "ಏನಪ್ಪಾ ಗತಿ" ಅನ್ನುವ ಗತಿಯೇ ಹೊಳೆಯುತ್ತದೆ. ಶ್ಲೇಷೆಯ ಎರಡೂ ಅರ್ಥ ನಾಲಿಗೆಯ ಮೇಲೆ ಓಡಾಡುತ್ತಿರಬೇಕು. "ತಲೆ ಇದ್ದರೆ ಹೆಲ್ಮೆಟ್ ಇರಲಿ" ಅಂದರೆ ವಿವರಣೆ ಬೇಕಿಲ್ಲ. ಕೆಲವರಿಗೆ ಚುಚ್ಚೀತು, ಅದು ನಿಜ.

ಪ್ರಶ್ನೆ ಕೇಳಿದವರು

"ಅಳೆದು ಬಳಸಿ" ಕೂಗಿ ನೋಡಿದೆವು, ಸಲೀಸು. ಆದರೆ "ಸೋಣ" ಅಂದಾಗ ನಾವೂ ಜೊತೆಗಿದ್ದೇವೆ ಅನ್ನುವ ಭಾವ ಇತ್ತು. "ಸಿ" ಅಂದರೆ ಅಪ್ಪಣೆ ಆಗುವುದಿಲ್ಲವೇ? ನಮ್ಮಲ್ಲಿ ಅರ್ಧ ಜನ "ನಾಳೆಗೂ ಉಳಿಸೋಣ" ಬೇಕೆನ್ನುತ್ತಿದ್ದಾರೆ.